ಹತ್ತು ನಿಮಿಷ ಆಯ್ತು, ಇನ್ನೆಷ್ಟು ಹೊತ್ತು?

ಕೇಳುಗರೇ, ನಮಸ್ಕಾರ.

ಅಂಚೆ ಕಚೇರಿಯ ಒಂದು ಕೌಂಟರ್ ಅಂದುಕೊಳ್ಳಿ. ಒಬ್ಬರ ಕೆಲಸಕ್ಕೆ ಸರಾಸರಿ 4 ನಿಮಿಷ ಹಿಡಿಯುತ್ತದೆ. ನಿಮ್ಮ ಮುಂದೆ ಇರುವವರು ಆಗಲೇ 10 ನಿಮಿಷದಿಂದ ಅಲ್ಲೇ ನಿಂತಿದ್ದಾರೆ. ಇಷ್ಟೊತ್ತಾಯ್ತಲ್ಲ, ಇನ್ನೇನು ಮುಗಿದೇ ಬಿಡುತ್ತೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಕೆಲಸದ ಅವಧಿ ಎಕ್ಸ್‌ಪೊನೆನ್ಷಿಯಲ್ ಹಂಚಿಕೆಯನ್ನು ಪಾಲಿಸುತ್ತಿದ್ದರೆ, ಅಂದರೆ ಎಷ್ಟೇ ಹೊತ್ತು ಕಳೆದಿದ್ದರೂ ಮುಂದಿನ ಕ್ಷಣದಲ್ಲಿ ಮುಗಿಯುವ ಸಾಧ್ಯತೆ ಒಂದೇ ಆಗಿದ್ದರೆ, ಇನ್ನೂ ಸರಾಸರಿ 4 ನಿಮಿಷ ಬೇಕು. ಅವರು ಈಗಷ್ಟೇ ಬಂದು ನಿಂತಿದ್ದರೂ ಇದೇ ಉತ್ತರ. ಕಳೆದ 10 ನಿಮಿಷದ ನೆನಪು ಆ ಹಂಚಿಕೆಗೆ ಇರುವುದಿಲ್ಲ.

ಇದು ಹೇಗೆ ಸಾಧ್ಯ? ಒಂದು ಡಬ್ಬಿಯಲ್ಲಿ 240 ಚೀಟಿ ಹಾಕಿ. ಒಂದರಲ್ಲಿ ಮಾತ್ರ ‘ಮುಗಿಯಿತು’ ಅಂತ ಬರೆದಿದೆ, ಉಳಿದವೆಲ್ಲ ಖಾಲಿ. ಸೆಕೆಂಡಿಗೊಂದು ಚೀಟಿ ಎತ್ತಬೇಕು, ಖಾಲಿ ಬಂದರೆ ಅದನ್ನು ಮತ್ತೆ ಡಬ್ಬಿಗೇ ಹಾಕಬೇಕು. ಸರಾಸರಿ 240 ಸೆಕೆಂಡಿಗೆ, ಅಂದರೆ 4 ನಿಮಿಷಕ್ಕೆ, ಆ ಚೀಟಿ ಕೈಗೆ ಬರುತ್ತದೆ. ಆದರೆ ಎತ್ತಿದ್ದನ್ನು ವಾಪಸ್ ಹಾಕುತ್ತಲೇ ಇರುವುದರಿಂದ, ಎಷ್ಟು ಹೊತ್ತು ಎತ್ತಿದ್ದರೂ ಡಬ್ಬಿ ಮೊದಲಿನ ಹಾಗೇ ಇರುತ್ತದೆ. ಮುಂದಿನ ಸೆಕೆಂಡಿನಲ್ಲಿ ಮುಗಿಯುವ ಸಾಧ್ಯತೆ ಯಾವಾಗಲೂ 240ರಲ್ಲಿ ಒಂದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಜನರ ಲೆಕ್ಕದಲ್ಲಿ ನೋಡೋಣ. ಕೌಂಟರಿಗೆ 100 ಜನ ಬಂದರೆ, 4 ನಿಮಿಷ ದಾಟುವವರು ಸುಮಾರು 37 ಮಂದಿ. ಆ 37ರಲ್ಲಿ ಇನ್ನೂ 4 ನಿಮಿಷ ದಾಟುವವರು ಸುಮಾರು 14 ಮಂದಿ. ಅದೂ 37ರಲ್ಲಿ ನೂರಕ್ಕೆ 37ರಷ್ಟೇ ಆಯಿತು. ಉಳಿದವರನ್ನು ಮಾತ್ರ ಎದುರಿಗೆ ನಿಲ್ಲಿಸಿಕೊಂಡು ಗಡಿಯಾರವನ್ನು ಸೊನ್ನೆಗೆ ತಿರುಗಿಸಿದರೆ, ಆಟ ಮೊದಲಿನಿಂದ ಶುರುವಾದಂತೆಯೇ ಕಾಣುತ್ತದೆ.

ಈ ಗುಣದಿಂದ ಬರುವ ಒಂದು ಲೆಕ್ಕ ನನಗೆ ತುಂಬಾ ಇಷ್ಟ. ಈಗ ಒಂದೇ ಥರದ ಎರಡು ಕೌಂಟರ್ ಇವೆ, ಎರಡರಲ್ಲೂ ಒಬ್ಬೊಬ್ಬರು ನಿಂತಿದ್ದಾರೆ, ನೀವು ಮೂರನೆಯವರು. ಯಾವುದು ಮೊದಲು ಖಾಲಿಯಾಗುತ್ತದೋ ಅಲ್ಲಿಗೆ ಹೋಗುತ್ತೀರಿ. ಮೂವರಲ್ಲಿ ಕೊನೆಗೆ ಹೊರಡುವವರು ನೀವೇ ಆಗುವ ಸಾಧ್ಯತೆ ಎಷ್ಟು? ಕೊನೆಗೆ ಬಂದವರು ಕೊನೆಗೇ ಹೋಗಬೇಕು ಅನ್ನಿಸಬಹುದು. ಆದರೆ ನೀವು ಕೌಂಟರಿಗೆ ಹೋದ ಕ್ಷಣದಲ್ಲಿ ಪಕ್ಕದ ಕೌಂಟರಿನಲ್ಲಿ ಉಳಿದವರಿಗೂ ಇನ್ನೂ ಸರಾಸರಿ 4 ನಿಮಿಷವೇ ಬೇಕು, ಅವರು ಎಷ್ಟು ಹೊತ್ತಿನಿಂದ ನಿಂತಿದ್ದರೂ ಸರಿ. ಹಾಗಾಗಿ ನೀವಿಬ್ಬರೂ ಸಮಾನರು, ಸಾಧ್ಯತೆ ಸರಿಯಾಗಿ ಅರ್ಧ. ನಿಮ್ಮ ಒಟ್ಟು ಸಮಯವೂ ಸುಲಭವಾಗಿ ಸಿಗುತ್ತದೆ: ಎರಡು ಕೌಂಟರಿನಲ್ಲಿ ಒಂದು ಬಿಡುವಾಗಲು ಸರಾಸರಿ 2 ನಿಮಿಷ, ನಿಮ್ಮ ಕೆಲಸಕ್ಕೆ 4, ಒಟ್ಟು 6. ಅದೇ, ಪ್ರತಿಯೊಬ್ಬರಿಗೂ ಕರಾರುವಾಕ್ಕಾಗಿ 4 ನಿಮಿಷ ಹಿಡಿಯುವ ಕೌಂಟರ್ ಆಗಿದ್ದರೆ, ನಿಮಗಿಂತ ಮೊದಲು ನಿಂತವರು ನಿಮಗಿಂತ ಮೊದಲೇ ಹೋಗುತ್ತಿದ್ದರು, ಅದರಲ್ಲಿ ಅನುಮಾನವೇ ಇರುತ್ತಿರಲಿಲ್ಲ.

ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅಗ್ನರ್ ಎರ್ಲಾಂಗ್ 1917ರ ತಮ್ಮ ಲೇಖನದಲ್ಲಿ ಈ ಎರಡೂ ಬಗೆಯನ್ನು ಲೆಕ್ಕ ಹಾಕಿದ್ದರು: ಎಲ್ಲ ಕರೆಗಳೂ ಒಂದೇ ಉದ್ದ ಇದ್ದರೆ ಏನು, ಎಕ್ಸ್‌ಪೊನೆನ್ಷಿಯಲ್ ಆಗಿದ್ದರೆ ಏನು ಅಂತ.

ಹಾಗಾದರೆ ನಮ್ಮ ಕೌಂಟರ್ ಯಾವ ಬಗೆಯದು? ಸರಾಸರಿ ನೋಡಿದರೆ ಸಾಲದು. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ, ಆಮೇಲೆ 4 ನಿಮಿಷ ದಾಟಿದವರನ್ನಷ್ಟೇ ಆರಿಸಿ, ಅವರಿಗೆ ಅಲ್ಲಿಂದ ಮುಂದೆ ಎಷ್ಟು ಹೊತ್ತು ಬೇಕಾಯಿತು ಅನ್ನುವುದರ ಸರಾಸರಿ ತೆಗೆಯಿರಿ. ಸುಮಾರು 4 ಬಂದರೆ ನೆನಪಿಲ್ಲದ ಗುಣಕ್ಕೆ ಹೊಂದುತ್ತದೆ. ತೀರಾ ಕಡಿಮೆ ಬಂದರೆ, ಅಲ್ಲಿ ಕೆಲಸ ಹೆಚ್ಚುಕಡಿಮೆ ಒಂದೇ ಅಳತೆಯದು, ಕಾದಷ್ಟೂ ಕೊನೆ ಹತ್ತಿರ ಬರುತ್ತಿರುತ್ತದೆ.

ನಾಲ್ಕಕ್ಕಿಂತ ಜಾಸ್ತಿ ಬಂದರೆ? ಎರಡು ಥರದ ಕೆಲಸ ಒಂದೇ ಸಾಲಿನಲ್ಲಿ ಬೆರೆತಿರಬಹುದು. ಹತ್ತರಲ್ಲಿ ಒಂಬತ್ತು ಜನಕ್ಕೆ ಸ್ಟಾಂಪು, ಸ್ಪೀಡ್ ಪೋಸ್ಟ್, ಇಂಥ ಸರಾಸರಿ 2 ನಿಮಿಷದ ಕೆಲಸ. ಒಬ್ಬರಿಗೆ ಮಾತ್ರ ಹೊಸ ಖಾತೆ ತೆರೆಯಬೇಕು, ಸರಾಸರಿ 22 ನಿಮಿಷ ಅನ್ನಿ. ಒಟ್ಟು ಸರಾಸರಿ ಆಗಲೂ 4 ನಿಮಿಷವೇ. ಬಿಡಿಬಿಡಿಯಾಗಿ ಎರಡೂ ಕೆಲಸಕ್ಕೆ ನೆನಪಿಲ್ಲದಿದ್ದರೂ ಬೆರೆತ ಸಾಲಿಗೆ ಆ ಗುಣ ಉಳಿಯುವುದಿಲ್ಲ, ಯಾಕೆಂದರೆ ಕಳೆದ ಹೊತ್ತು ಮುಂದಿರುವವರು ಯಾವ ಕೆಲಸಕ್ಕೆ ಬಂದಿದ್ದಾರೆ ಅನ್ನುವ ಸುಳಿವು ಕೊಡುತ್ತದೆ. ಅವರು 4 ನಿಮಿಷ ದಾಟಿದರೆ ಇನ್ನೂ ಸರಾಸರಿ 10 ನಿಮಿಷ ಬೇಕು. 10 ನಿಮಿಷ ದಾಟಿದರಂತೂ ಖಾತೆ ತೆರೆಯಲು ಬಂದವರೇ ಆಗಿರುವ ಸಾಧ್ಯತೆ ನೂರಕ್ಕೆ 90ಕ್ಕಿಂತ ಜಾಸ್ತಿ, ಮುಂದಿನ ಸರಾಸರಿ ಕಾಯುವಿಕೆ 20 ನಿಮಿಷ. ಅಂಥ ಕಡೆ, ಇಷ್ಟು ಹೊತ್ತು ನಿಂತಿದ್ದೀನಲ್ಲ ಅಂತ ಸುಮ್ನೆ ಅಲ್ಲೇ ಇರುವುದಕ್ಕಿಂತ, ಪಕ್ಕದ ಕೌಂಟರಿನ ಮುಂದೆ ಒಬ್ಬಿಬ್ಬರೇ ಇದ್ದರೆ ಆ ಸಾಲಿಗೆ ಹೋಗುವುದು ವಾಸಿ.

ನಮಸ್ಕಾರ.