ಕೊಟ್ಟ ಮಾತ್ರೆ ಬೇರೆ, ನುಂಗಿದ ಮಾತ್ರೆ ಬೇರೆ

ನಮಸ್ಕಾರ. ಮಡಿಕೇರಿಯಿಂದ ಮಾತನಾಡುತ್ತಿದ್ದೇನೆ. ಇವತ್ತು ಕಾಳುಮೆಣಸಿನ ಬೆಲೆಯ ಬಗ್ಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಹೋದ ವಾರದ ಸಂಚಿಕೆಯಲ್ಲಿ ಆನೆಕಾಲು ರೋಗದ ಮಾತ್ರೆಗಳ ವಿಷಯ ಒಂದೆರಡು ನಿಮಿಷ ಬಂದಿತ್ತು. ಅದಕ್ಕೆ ಒಬ್ಬರು ಹೀಗೆ ಬರೆದಿದ್ದಾರೆ: "ಸರ್ಕಾರ ಬಿಟ್ಟಿಯಾಗಿ ಮನೆ ಬಾಗಿಲಿಗೆ ತಂದು ಕೊಟ್ಟರೂ ಬೇಡ ಎನ್ನುವ ಅವಿದ್ಯಾವಂತರಿಗೆ ಪೊಲೀಸರನ್ನು ಬಿಟ್ಟು ನುಂಗಿಸಬೇಕು." ಅದಕ್ಕೆ ಮೆಚ್ಚುಗೆಯ ಗುರುತುಗಳು ಸಾಲುಸಾಲಾಗಿ ಬಿದ್ದಿವೆ. ಎರಡು ರಾತ್ರಿ ಅದು ನನ್ನ ತಲೆಯಲ್ಲಿ ಕೊರೆಯಿತು.

ನನ್ನ ಮಾತು ಒಂದೇ. ಕೊಟ್ಟ ಮಾತ್ರೆ ಲೆಕ್ಕಕ್ಕಿಲ್ಲ, ನುಂಗಿದ ಮಾತ್ರೆ ಲೆಕ್ಕ. ಇವೆರಡರ ನಡುವಿನ ಅಂತರವನ್ನು ಲಾಠಿ ತುಂಬುವುದಿಲ್ಲ.

ಕೊಡಗಿನಲ್ಲಿ ಈ ಮಾತ್ರೆ ಹಂಚುವುದಿಲ್ಲ. ಹಾಗಾಗಿ ನಮ್ಮಲ್ಲಿ ಹಲವರಿಗೆ ಇದರ ಪರಿಚಯವಿಲ್ಲ. ಕರ್ನಾಟಕದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆಯವರಿಗೆ, ಕರಾವಳಿಯವರಿಗೆ ಇದು ಗೊತ್ತು. ರೋಗ ಬರುವುದು ದಾರದಂತಹ ಹುಳುವಿನಿಂದ. ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ನಾಲ್ಕಾರು ವರ್ಷ ಬದುಕುತ್ತವೆ, ಲಕ್ಷಗಟ್ಟಲೆ ಮರಿಗಳನ್ನು ರಕ್ತಕ್ಕೆ ಬಿಡುತ್ತವೆ. ಕೊಳಚೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ರಾತ್ರಿ ಕಚ್ಚಿದಾಗ ಆ ಮರಿಗಳನ್ನು ಹೀರಿಕೊಂಡು ಇನ್ನೊಬ್ಬರಿಗೆ ದಾಟಿಸುತ್ತದೆ. ವರ್ಷಕ್ಕೊಮ್ಮೆ ಕೊಡುವ ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಮಾತ್ರೆಗಳು ರಕ್ತದಲ್ಲಿರುವ ಮರಿಗಳನ್ನು ಬಹುಮಟ್ಟಿಗೆ ತೊಳೆದುಹಾಕುತ್ತವೆ. ದೊಡ್ಡ ಹುಳುಗಳೆಲ್ಲ ಅದರಿಂದ ಸಾಯುವುದಿಲ್ಲ. ಆದ್ದರಿಂದಲೇ ಅವು ಮುದಿಯಾಗಿ ಸಾಯುವವರೆಗೆ ವರ್ಷ ವರ್ಷವೂ, ಸಾಮಾನ್ಯವಾಗಿ ಐದು ಸುತ್ತು, ಊರಿಗೆ ಊರೇ ಮಾತ್ರೆ ನುಂಗಬೇಕು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ಇದರಿಂದ ಹೊರಗೆ.

ಈಗ ಲೆಕ್ಕಕ್ಕೆ ಬನ್ನಿ. ಅವಸರವಿಲ್ಲ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಗುರಿ, ಪ್ರತಿ ಸುತ್ತಿನಲ್ಲೂ ಒಟ್ಟು ಜನಸಂಖ್ಯೆಯ ಕನಿಷ್ಠ ಶೇ. 65ರಷ್ಟು ಜನ ನುಂಗಬೇಕು ಎಂಬುದು. ಸಾವಿರ ಜನರ ಒಂದು ಊರನ್ನು ಊಹಿಸಿಕೊಳ್ಳಿ. 650 ಜನ ನುಂಗಿದರು, 350 ಜನ ಬಿಟ್ಟರು. ಪ್ರತಿ ವರ್ಷವೂ ಬಿಟ್ಟುಹೋಗುವವರು ಯಾರೆಂಬುದು ಬರೀ ಆಕಸ್ಮಿಕವಾದರೆ, ಎರಡು ವರ್ಷವೂ ತಪ್ಪಿಸಿಕೊಂಡವರು ಸುಮಾರು 122, ಮೂರನೆಯ ವರ್ಷಕ್ಕೆ 43, ನಾಲ್ಕನೆಯದಕ್ಕೆ 15, ಐದನೆಯದಕ್ಕೆ ಬರೀ 5 ಜನ. ಒಮ್ಮೆಯೂ ನುಂಗದೆ ಉಳಿದವರು ಸಾವಿರಕ್ಕೆ ಐದು!

ಅದೇ ಊರು, ಅದೇ ಶೇ. 65. ಆದರೆ ಪ್ರತಿ ವರ್ಷ ಬೇಡ ಎನ್ನುವವರು ಅದೇ 350 ಜನ ಎಂದುಕೊಳ್ಳಿ. ಐದು ವರ್ಷದ ಕೊನೆಗೂ 350 ಜನ ಒಂದೇ ಒಂದು ಮಾತ್ರೆಯನ್ನೂ ನುಂಗಿಲ್ಲ. ವರದಿಯಲ್ಲಿ ಎರಡೂ ಊರುಗಳು ಗುರಿ ಮುಟ್ಟಿವೆ. ಒಂದು ಊರಿನಲ್ಲಿ ಸೊಳ್ಳೆಗೆ ಮರಿಹುಳು ಸಿಗುವುದೇ ಕಷ್ಟ, ಇನ್ನೊಂದರಲ್ಲಿ ಅದೇ ಮನೆಗಳ ಸಾಲಿನಲ್ಲಿ ಮರಿಹುಳುವಿನ ಕಣಜವೇ ತುಂಬಿದೆ. ಇಂಥ ಊರಿನಲ್ಲಿ ಬೇಡ ಎನ್ನುವವರನ್ನು ಬೈದು ಮುಂದೆ ಹೋಗುವುದೆಂದರೆ ಆ 350 ಜನರನ್ನು ಇನ್ನಷ್ಟು ಗಟ್ಟಿ ಮಾಡಿದಂತೆ.

ಈ ಲೆಕ್ಕ ನನಗೆ ಪುಸ್ತಕದಿಂದ ಗೊತ್ತಿತ್ತು, ಮನಸ್ಸಿಗೆ ಇಳಿದದ್ದು ಸಿದ್ದಾಪುರದ ಕಡೆಯ ಒಂದು ತೋಟದ ಲೈನ್ ಮನೆಯ ಜಗಲಿಯಲ್ಲಿ. ರೊಬಸ್ಟಾ ಕಾಫಿ ಕೊಯ್ಲಿನ ಸಮಯ. ಸಂಜೆ ಹಣ್ಣಿನ ಮೂಟೆ ತೂಗಿ ಮುಗಿದಿತ್ತು. ಯಾದಗಿರಿ ಕಡೆಯಿಂದ ಕೊಯ್ಲಿಗೆ ಬಂದಿದ್ದ ಒಬ್ಬ ಹೆಣ್ಣುಮಗಳೊಂದಿಗೆ ಮಾತಾಡುತ್ತಿದ್ದೆ. ಅವರ ಹೆಸರು ಹೇಳುವುದಿಲ್ಲ. "ಅಕ್ಕ, ನಿಮ್ಮೂರಿನಲ್ಲಿ ಆನೆಕಾಲಿನ ಮಾತ್ರೆ ಕೊಡುತ್ತಾರಲ್ಲ, ನುಂಗಿದ್ದೀರಾ?" ಎಂದು ಕೇಳಿದೆ.

"ಒಂದು ಸಲ ನುಂಗಿದೆ ಅಣ್ಣ. ಆಮೇಲೆ ಕೈಯಲ್ಲಿ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿ, ಅವರು ಹೋದ ಮೇಲೆ ಹಿತ್ತಲಿಗೆ ಎಸೆಯುತ್ತಿದ್ದೆ."

ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ. ಬೆಳಿಗ್ಗೆ ಕೂಲಿಗೆ ಹೊರಡುವ ಹೊತ್ತಿಗೆ ಬಂದರು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಯಾರೂ ಕೇಳಲಿಲ್ಲ. ನುಂಗಿಸಿದರು. ಮಧ್ಯಾಹ್ನಕ್ಕೆ ತಲೆ ಸುತ್ತಿತು, ವಾಂತಿಯಾಯಿತು, ರಾತ್ರಿ ಜ್ವರ. ಎರಡು ದಿನದ ಕೂಲಿ ಹೋಯಿತು. "ಮಾತ್ರೆ ಕೊಡುವುದಕ್ಕೆ ಮೂವರು ಬಂದಿದ್ದರು ಅಣ್ಣ. ಜ್ವರ ಬಂದಾಗ ಒಬ್ಬರೂ ಬರಲಿಲ್ಲ."

ಈಗ ಹೇಳಿ, ಆಕೆ ಅವಿದ್ಯಾವಂತೆಯೇ? ನಡೆದದ್ದನ್ನು ಸರಿಯಾಗಿ ನೋಡಿ, ಸರಿಯಾಗಿ ನೆನಪಿಟ್ಟುಕೊಂಡು, ತನ್ನ ಕೂಲಿಯ ಲೆಕ್ಕ ತಪ್ಪದೆ ಮಾಡಿದ ಹೆಂಗಸು ಆಕೆ. ಆಕೆಗೆ ಗೊತ್ತಿಲ್ಲದಿದ್ದದ್ದು ಒಂದೇ ಸಂಗತಿ, ಅದನ್ನು ಹೇಳಬೇಕಾದವರು ಹೇಳಿರಲಿಲ್ಲ. ಡಿ.ಇ.ಸಿ. ನುಂಗಿದ ಮೇಲೆ ಬರುವ ಜ್ವರ, ತಲೆನೋವು, ಮೈಕೈ ನೋವಿಗೆ ಮುಖ್ಯ ಕಾರಣ ರಕ್ತದಲ್ಲಿ ಒಮ್ಮೆಲೇ ಸಾಯುವ ಮರಿಹುಳುಗಳು. ಹುಳುವಿಲ್ಲದವರಿಗೆ ಸಾಮಾನ್ಯವಾಗಿ ಅಷ್ಟು ತೊಂದರೆಯಾಗುವುದಿಲ್ಲ. ಹೆಚ್ಚು ಹುಳುವಿದ್ದವರಿಗೆ ಹೆಚ್ಚು ಜ್ವರ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆಯೂ ಸೇರಿಕೊಳ್ಳುತ್ತದೆ, ಅದಕ್ಕೇ ಊಟವಾದ ಮೇಲೆ ನುಂಗಬೇಕೆನ್ನುವುದು. ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಯಾರ ರಕ್ತದಲ್ಲಿ ಹುಳು ಹೆಚ್ಚಿದೆಯೋ, ಯಾರು ನುಂಗುವುದು ಊರಿಗೆಲ್ಲ ಬೇಕೋ, ಅವರಿಗೇ ಮೊದಲ ಅನುಭವ ಕೆಟ್ಟದಾಗುತ್ತದೆ. ಮರುವರ್ಷ ಬಾಗಿಲು ಹಾಕಿಕೊಳ್ಳುವವರೂ ಅವರೇ. ಅದೇ 350 ಜನ ತಯಾರಾಗುವ ಒಂದು ದಾರಿ ಇದು.

ಹೀಗಿರುವಾಗ ಪೊಲೀಸರನ್ನು ಕಳಿಸಿದರೆ ಏನಾಗುತ್ತದೆ? ಪೊಲೀಸರು ಎದುರಿಗಿರುವ ತನಕ ಮಾತ್ರೆ ದವಡೆಯ ಸಂದಿಯಲ್ಲಿರುತ್ತದೆ. ಅವರು ತಿರುವು ದಾಟಿದ ಮೇಲೆ ಬೇಲಿಯ ಬುಡದಲ್ಲಿರುತ್ತದೆ. ಕೊಟ್ಟದ್ದು ಲೆಕ್ಕಕ್ಕಿಲ್ಲ ಸ್ವಾಮಿ, ನುಂಗಿದ್ದು ಲೆಕ್ಕ.

ಇನ್ನೊಬ್ಬರು "ಎಲ್ಲ ಮೂಢನಂಬಿಕೆ" ಎಂದು ಬರೆದಿದ್ದಾರೆ. ಮಕ್ಕಳಾಗದಂತೆ ಮಾಡುವ ಮಾತ್ರೆ ಎಂಬ ವದಂತಿ ಹಬ್ಬುವುದು ನಿಜ, ಅದು ಸುಳ್ಳು. ಆದರೆ ಹೊಸದಾಗಿ ಮದುವೆಯಾದ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ಜಗಲಿಯಲ್ಲಿ ಅತ್ತೆ ಇದ್ದಾರೆ, ಮಾವ ಇದ್ದಾರೆ, ನೆರೆಯವರು ಇಣುಕುತ್ತಿದ್ದಾರೆ. "ಗರ್ಭಿಣಿಯಾ?" ಎಂದು ಎಲ್ಲರೆದುರು ಜೋರಾಗಿ ಕೇಳಿದರೆ ಆ ಹುಡುಗಿ ಏನು ಹೇಳಬೇಕು? ತಿಂಗಳು ತಪ್ಪಿದ್ದು ಗಂಡನಿಗೂ ಹೇಳಿರುವುದಿಲ್ಲ. ಸುಮ್ಮನೆ ಮಾತ್ರೆ ಇಸಿದುಕೊಂಡು ಎಸೆಯುತ್ತಾಳೆ. ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಗುರುತು ಬೀಳುತ್ತದೆ. ಇದು ಮೂಢನಂಬಿಕೆಯಲ್ಲ, ಕೇಳುವ ರೀತಿಯ ತಪ್ಪು.

ಪಟ್ಟಣಗಳಲ್ಲಿ ಸುಶಿಕ್ಷಿತರು ಹೆಚ್ಚು, ಆದರೂ ಮಾತ್ರೆ ಹಂಚುವವರಿಗೆ ಹಳ್ಳಿಗಿಂತ ಪಟ್ಟಣವೇ ಕಷ್ಟ. ಗೇಟಿನಲ್ಲೇ ತಡೆಯುತ್ತಾರೆ. "ನಮಗೆ ಆ ರೋಗವಿಲ್ಲ" ಎನ್ನುತ್ತಾರೆ. ಮರಿಹುಳು ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ರಕ್ತದಲ್ಲಿರುತ್ತದೆ ಎಂಬುದು ಅವರ ಪದವಿಯ ಪುಸ್ತಕದಲ್ಲಿ ಇರಲಿಲ್ಲವೋ ಏನೋ. ಅಲ್ಲಿಗೂ ಲಾಠಿ ಕಳಿಸುತ್ತೀರಾ? ಇಲ್ಲ ತಾನೇ!

ಕೇಳುತ್ತಿರುವವರಲ್ಲಿ ತೋಟದವರು ಬಹಳ ಮಂದಿ ಇದ್ದೀರಿ, ಆದ್ದರಿಂದ ಒಂದು ಮಾತು. "ಹಾಗಾದರೆ ಈ ಕೂಲಿಗಳು ಕೊಡಗಿಗೆ ಆನೆಕಾಲು ತರುತ್ತಾರೆ" ಎಂದು ಈಗಾಗಲೇ ಬೆರಳು ಮೊಬೈಲ್ ಮೇಲೆ ಹೋಗಿದ್ದರೆ ಹಿಂದಕ್ಕೆ ತೆಗೆದುಕೊಳ್ಳಿ. ಮಲೇರಿಯಾದ ರೋಗಾಣು ಸೊಳ್ಳೆಯೊಳಗೆ ಹೆಚ್ಚುತ್ತದೆ, ಈ ಹುಳು ಹೆಚ್ಚುವುದಿಲ್ಲ. ಹೊಕ್ಕ ಮರಿಗಳಲ್ಲಿ ಬದುಕಿ ಬೆಳೆದವಷ್ಟೇ ಹೊರಬರುತ್ತವೆ. ಅವು ಮನುಷ್ಯನ ಮೈ ಸೇರಿ, ಗಂಡು ಹೆಣ್ಣು ಕೂಡಿದರೆ ಮಾತ್ರ ಸಂತತಿ. ಅದಕ್ಕೆ ತಿಂಗಳು, ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಿಸಿಕೊಳ್ಳಬೇಕು. ಕೊಯ್ಲಿಗೆಂದು ಬಂದು ಹೋಗುವವರಿಂದ ತೋಟ ಕೆಡುವುದಿಲ್ಲ. ಕೆಡುವುದು ಅವರ ಬದುಕು. ದೇಶದಲ್ಲಿ ಈಗ ಮಾತ್ರೆಯ ಸುತ್ತುಗಳು ಸಾಮಾನ್ಯವಾಗಿ ಆರಂಭವಾಗುವುದು ಫೆಬ್ರುವರಿ 10 ಅಥವಾ ಆಗಸ್ಟ್ 10ರಂದು. ಫೆಬ್ರುವರಿಯಲ್ಲಿ ಅವರು ಎಲ್ಲಿರುತ್ತಾರೆ? ನಮ್ಮ ರೊಬಸ್ಟಾ ಗಿಡದ ಬುಡದಲ್ಲಿ! ಊರಿನ ಪಟ್ಟಿಯಲ್ಲಿ "ಮನೆಯಲ್ಲಿಲ್ಲ", ಕೊಡಗಿನಲ್ಲಿ ಕಾರ್ಯಕ್ರಮವೇ ಇಲ್ಲ. ಎರಡೂ ಕಡೆ ತಪ್ಪಿದರು. ಅವರನ್ನೂ ಪೊಲೀಸರು ಹಿಡಿಯಬೇಕೆ?

ನಡುವೆ ಒಂದು ವಿನಂತಿ. ಈ ಚಾನೆಲ್ಲಿಗೆ ಇನ್ನೂ ಸೇರದಿದ್ದರೆ ಸೇರಿಕೊಳ್ಳಿ, ಗಂಟೆಯ ಗುರುತು ಒತ್ತಿ. ಇಂಥ ಸಂಚಿಕೆಗೆ ಜಾಹೀರಾತು ಕೊಡುವವರಿಲ್ಲ, ನೀವು ಹಂಚಿದರೆ ಮಾತ್ರ ನಾಲ್ಕು ಜನರಿಗೆ ತಲುಪುತ್ತದೆ. ಯಾದಗಿರಿ, ಕಲಬುರಗಿ ಕಡೆಯ ಬಂಧುಗಳಿದ್ದರೆ ಅವರಿಗೆ ಮೊದಲು ಕಳಿಸಿ.

ನುಂಗಿಸದೆ ಪಟ್ಟಿ ತುಂಬಿಸಿದರೆ ಏನು ನಷ್ಟ ಎಂದು ಕೇಳುವವರಿಗೆ ಹೇಳುತ್ತೇನೆ. ಸುತ್ತುಗಳು ಮುಗಿದ ಮೇಲೆ 6–7 ವರ್ಷದ ಮಕ್ಕಳ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆಯ ಪಟ್ಟಿಯ ಮೇಲೆ ಹಾಕಿ ನೋಡುತ್ತಾರೆ. ಮಾತ್ರೆಯ ಕಾಲದಲ್ಲೇ ಹುಟ್ಟಿ ಬೆಳೆದ ಮಕ್ಕಳು ಇವರು. ಇವರಲ್ಲಿ ಹುಳುವಿನ ಕುರುಹು ನಿಗದಿತ ಮಿತಿಗಿಂತ ಹೆಚ್ಚು ಮಕ್ಕಳಲ್ಲಿ ಸಿಕ್ಕರೆ, ಸೊಳ್ಳೆ ಇನ್ನೂ ದಾಟಿಸುತ್ತಲೇ ಇದೆ ಎಂದರ್ಥ. ಆಗ ಮತ್ತೆ ಎರಡು ಸುತ್ತು, ಮತ್ತೆ ಅದೇ ಬಾಗಿಲು, ಮತ್ತೆ ಅದೇ ಬೇಡ. ಮಕ್ಕಳ ರಕ್ತದ ಮುಂದೆ ರಿಜಿಸ್ಟರಿನ ಸುಳ್ಳು ನಡೆಯುವುದಿಲ್ಲ.

ಬರುವವರು ಊಟದ ಹೊತ್ತಿನ ಮೇಲೆ ಬರಲಿ. ತಟ್ಟೆ ಎತ್ತಿದ ಕೈಗೆ ಮಾತ್ರೆ ಕೊಡಲಿ, ನೀರು ಕುಡಿದದ್ದನ್ನು ನೋಡಲಿ, ಆಮೇಲೆ ಗುರುತು ಹಾಕಲಿ. ಜ್ವರ ಬರಬಹುದು, ಬಂದರೆ ಹುಳು ಸಾಯುತ್ತಿದೆ ಎಂದರ್ಥ ಎಂದು ಮೊದಲೇ ಹೇಳಲಿ. ಮರುದಿನ ಬೆಳಿಗ್ಗೆ ಅದೇ ಬಾಗಿಲಿಗೆ ಬಂದು "ಹೇಗಿದ್ದೀರಿ ಅಕ್ಕ?" ಎಂದು ಕೇಳಲಿ. ಆ ಒಂದು ಮಾತಿಗೆ ಎಷ್ಟು ಖರ್ಚಾಗುತ್ತದೆ?

"ಸಿಬ್ಬಂದಿ ಇಲ್ಲ" ಎನ್ನುತ್ತೀರಿ. ಐದು ಸುತ್ತು ಏಳಾಗುವಾಗ ಸಿಬ್ಬಂದಿ ಎಲ್ಲಿಂದ ಬರುತ್ತಾರೆ? "ಜನ ಸರಿಯಿಲ್ಲ" ಎನ್ನುತ್ತೀರಿ. ಜ್ವರದಲ್ಲಿ ಒಂಟಿಯಾಗಿ ಮಲಗಿದ್ದ ಹೆಂಗಸು ಸರಿಯಿಲ್ಲವೇ? ಸಾಕು. ಬರೆದವರೇ, ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. ಒಂದು ಭಾನುವಾರ ಸಿದ್ದಾಪುರಕ್ಕೆ ಬನ್ನಿ, ಆ ಜಗಲಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಪೊಲೀಸರ ಮಾತನ್ನು ಆ ಅಕ್ಕನ ಎದುರು ಕುಳಿತು ಹೇಳಿ. ಕೊಯ್ಲು ಮುಗಿದು ಅವರು ಊರಿಗೆ ಹೊರಡುವ ಮೊದಲೇ ಬನ್ನಿ.