ಅಂಗಾತ ಮಲಗಿದವರ ಕಫ ಎಲ್ಲಿಗೆ ಹೋಗುತ್ತದೆ? ಶ್ವಾಸಕೋಶದ ಆರನೇ ಸೆಗ್ಮೆಂಟ್

ನಮಸ್ಕಾರ. ಸ್ಟ್ರೋಕ್ ಆಗಿ ಹಾಸಿಗೆ ಹಿಡಿದವರಿಗೆ ಗಂಜಿಯೋ ಎಂಜಲೋ ನೆತ್ತಿಗೆ ಹತ್ತಿತು ಅಂದುಕೊಳ್ಳಿ. ಅದು ಶ್ವಾಸಕೋಶದಲ್ಲಿ ಎಲ್ಲೆಂದರಲ್ಲಿ ಹೋಗಿ ಕೂರುವುದಿಲ್ಲ. ಅಂಗಾತ ಮಲಗಿದ್ದವರಲ್ಲಿ ಹೆಚ್ಚಾಗಿ ಸೇರುವುದು ಎರಡೇ ಕಡೆ: ಮೇಲಿನ ಹಾಲೆಯ ಹಿಂಭಾಗ, ಇಲ್ಲವೇ ಕೆಳಗಿನ ಹಾಲೆಯ ಮೇಲ್ತುದಿ. ಈ ಎರಡನೆಯದಕ್ಕೆ ವೈದ್ಯರು ಎಸ್ ಸಿಕ್ಸ್ ಅನ್ನುತ್ತಾರೆ. ಇವತ್ತು ಇದೊಂದನ್ನೇ ಹಿಡಿದುಕೊಂಡು ಹೋಗೋಣ.

[ತೆರೆಯ ಮೇಲೆ: ಎರಡೂ ಶ್ವಾಸಕೋಶಗಳ ಚಿತ್ರ]

ಬಲಗಡೆ ಮೂರು ಹಾಲೆ, ಎಡಗಡೆ ಎರಡು. ಹಾಲೆಗಳ ನಡುವಿನ ಸೀಳೇ ಫಿಶರ್. ಓರೆ ಫಿಶರ್ ಎರಡೂ ಕಡೆ ಇದೆ, ಅಡ್ಡ ಫಿಶರ್ ಬಲಕ್ಕೆ ಮಾತ್ರ. ಓರೆ ಫಿಶರ್ ಎಲ್ಲಿದೆ ಅಂತ ಮೈಮೇಲೇ ನೋಡಬಹುದು. ಕೈ ಎತ್ತಿ ಅಂಗೈಯನ್ನು ತಲೆಯ ಮೇಲಿಡಿ. ಆಗ ಬೆನ್ನಿನ ರೆಕ್ಕೆಮೂಳೆ ತಿರುಗಿ, ಅದರ ಒಳ ಅಂಚು ಹೆಚ್ಚುಕಡಿಮೆ ಫಿಶರ್‌ನ ಗೆರೆಯಲ್ಲೇ ಬರುತ್ತದೆ. ಆ ಗೆರೆಯ ಕೆಳಗೆ ಬೆನ್ನೆಲ್ಲ ಕೆಳಗಿನ ಹಾಲೆ. ಎದೆಯ ಮುಂಭಾಗದಲ್ಲಿ ಈ ಹಾಲೆಗೆ ಸಿಗುವುದು ಬುಡದ ಒಂದು ಚೂರು ಜಾಗ ಅಷ್ಟೇ. ಹಾಗಾಗಿ ಸ್ಟೆತಸ್ಕೋಪನ್ನು ಮುಂದೆ ಮಾತ್ರ ಇಟ್ಟು ಕೇಳಿದರೆ ಎಸ್ ಸಿಕ್ಸ್‌ನ ನ್ಯುಮೋನಿಯಾ ತಪ್ಪಿಹೋಗುತ್ತದೆ.

ಹಾಲೆಗಳ ಒಳಗೆ ಸೆಗ್ಮೆಂಟ್‌ಗಳು. ಬಲಕ್ಕೆ 10. ಎಡಕ್ಕೆ ಕೆಲವು ಕೂಡಿಕೊಂಡಿರುವುದರಿಂದ 8 ಅಂತಲೂ ಎಣಿಸುತ್ತಾರೆ, 10 ಅಂತಲೂ ಎಣಿಸುತ್ತಾರೆ. ಸೆಗ್ಮೆಂಟನ್ನು ಕಿತ್ತಳೆ ತೊಳೆಗೆ ಹೋಲಿಸುವುದುಂಟು, ಆದರೆ ತೊಳೆಗಿರುವಂಥ ಸಿಪ್ಪೆ ಇದಕ್ಕಿಲ್ಲ. ನನಗೆ ಗದ್ದೆಯ ಹೋಲಿಕೆಯೇ ಸರಿ ಅನಿಸುತ್ತದೆ. ನೀರಿನ ಕಾಲುವೆ ಗದ್ದೆಯ ನಟ್ಟನಡುವೆ ಬರುತ್ತದೆ, ಬಸಿಗಾಲುವೆ ಎರಡು ಗದ್ದೆಗಳ ನಡುವಿನ ಬದುವಿನಲ್ಲಿ ಸಾಗುತ್ತದೆ ಅಂದುಕೊಳ್ಳಿ. ಗಾಳಿ ತರುವ ಕವಲೂ ರಕ್ತ ತರುವ ಅಪಧಮನಿಯೂ ಸೆಗ್ಮೆಂಟಿನ ನಡುವೆ ಜೋಡಿಯಾಗಿ ಬರುತ್ತವೆ. ಅಭಿಧಮನಿ ಮಾತ್ರ ಬದುವಿನಲ್ಲಿ ಸಾಗಿ ಎರಡೂ ಕಡೆಯ ರಕ್ತವನ್ನು ಒಯ್ಯುತ್ತದೆ. ಅಂದರೆ ಒಳಹರಿವು ಒಬ್ಬೊಬ್ಬರಿಗೆ ಬೇರೆ ಬೇರೆ, ಹೊರಹರಿವು ನೆರೆಯವರೊಂದಿಗೆ ಹಂಚಿಕೆ. ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

[ತೆರೆಯ ಮೇಲೆ: ಕೆಳಹಾಲೆಯ ಕವಲುಗಳು, ಪಕ್ಕದ ನೋಟ]

ಎಸ್ ಸಿಕ್ಸ್‌ನ ಕವಲು ಕೆಳಹಾಲೆಯ ನಾಳದಿಂದ ಮೊದಲು ಒಡೆಯುವ ಕವಲು, ಅದೂ ನೇರ ಬೆನ್ನಿನ ಕಡೆಗೆ. ಅಂಗಾತ ಮಲಗಿದಾಗ ಅದು ನೆಲದ ಕಡೆಗೆ ಇಳಿದ ಗುಂಡಿ. ಬಿದ್ದದ್ದು ಅಲ್ಲೇ ಉಳಿಯುತ್ತದೆ.

ಫಿಸಿಯೋಥೆರಪಿಸ್ಟ್ ಮಾಡುವುದು ಆ ಗುಂಡಿಯನ್ನು ಬೋರಲು ಹಾಕುವ ಕೆಲಸ. ಮಂಚ ಸಮತಟ್ಟಾಗಿರಲಿ, ರೋಗಿಯನ್ನು ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ಒಂದೆರಡು ದಿಂಬು ಇಡುತ್ತಾರೆ. ಅಂಗೈಯನ್ನು ಬಟ್ಟಲಿನಂತೆ ಮಡಚಿ, ರೆಕ್ಕೆಮೂಳೆಯ ಕೆಳತುದಿಯ ಮಟ್ಟದಲ್ಲಿ ಬೆನ್ನೆಲುಬಿನ ಪಕ್ಕಕ್ಕೆ ತಟ್ಟುತ್ತಾರೆ, ಬೆನ್ನೆಲುಬಿನ ಮೇಲೆ ತಟ್ಟುವುದಿಲ್ಲ. ತಟ್ಟಿದಾಗ ಟೊಳ್ಳು ಸದ್ದು ಬರಬೇಕು. ಚಪ್ಪಾಳೆಯಂತೆ ಚಟ್ ಅಂದರೆ ಅಂಗೈ ಚಪ್ಪಟೆಯಾಗಿದೆ, ಚರ್ಮ ಉರಿಯುತ್ತದೆ, ಕಫ ಕದಲುವುದಿಲ್ಲ. ಹತ್ತು ಹದಿನೈದು ನಿಮಿಷ ಆ ಭಂಗಿಯಲ್ಲಿಟ್ಟು, ಬಾಯಿ ತೆರೆದು ಜೋರಾಗಿ ಉಸಿರು ಹೊರಹಾಕಿಸಿ ಕಫ ತೆಗೆಸುತ್ತಾರೆ. ಇದನ್ನೆಲ್ಲ ಊಟಕ್ಕೆ ಮುಂಚೆ, ಇಲ್ಲವೇ ಉಂಡು ಎರಡು ಗಂಟೆಯಾದ ಮೇಲೆ ಮಾಡಬೇಕು. ಕಫದಲ್ಲಿ ರಕ್ತ ಬರುತ್ತಿದ್ದರೆ ಅಥವಾ ಪಕ್ಕೆಲುಬು ಮುರಿದಿದ್ದರೆ ತಟ್ಟಬಾರದು.

ಇಲ್ಲಿ ಆಗುವ ತಪ್ಪು ಎಲ್ಲರಿಗೂ ತಲೆ ತಗ್ಗಿಸುವ ಒಂದೇ ಭಂಗಿ ಕೊಡುವುದು. ಅದು ಕೆಳಹಾಲೆಯ ಬುಡದ ಸೆಗ್ಮೆಂಟ್‌ಗಳಿಗೆ. ಅಂಗಾತ ಮಲಗಿಸಿಯೇ ತಲೆ ತಗ್ಗಿಸಿದರೆ ಎಸ್ ಸಿಕ್ಸ್‌ನ ಕಫ ಇದ್ದಲ್ಲೇ ಇರುತ್ತದೆ.

[ತೆರೆಯ ಮೇಲೆ: ಶಸ್ತ್ರಚಿಕಿತ್ಸೆಯ ನೋಟ, ಹಸಿರು ಹೊಳಪು]

ಈಗ ಅದೇ ಜಾಗದಲ್ಲಿ ಒಂದೂವರೆ ಸೆಂಟಿಮೀಟರಿನ ಕ್ಯಾನ್ಸರ್ ಗಡ್ಡೆ ಇದೆ ಅನ್ನಿ. ಇಡೀ ಕೆಳಹಾಲೆ ತೆಗೆಯುವ ಬದಲು ಈ ಸೆಗ್ಮೆಂಟ್ ಮಾತ್ರ ತೆಗೆಯಬಹುದು. ಸರ್ಜನ್ ಓರೆ ಫಿಶರ್ ಬಿಡಿಸಿ, ಎಸ್ ಸಿಕ್ಸ್‌ನ ಅಪಧಮನಿಯನ್ನೂ ಗಾಳಿಕವಲನ್ನೂ ಕತ್ತರಿಸುತ್ತಾರೆ. ಆದರೆ ಬದು ಕಣ್ಣಿಗೆ ಕಾಣಿಸುವುದಿಲ್ಲವಲ್ಲ? ಗಾಳಿ ತುಂಬಿ ನೋಡಿದರೆ ಗಾಳಿ ಸಣ್ಣ ರಂಧ್ರಗಳ ಮೂಲಕ ಪಕ್ಕಕ್ಕೆ ನುಸುಳಿ ಗಡಿ ಮಸುಕಾಗುತ್ತದೆ. ಅದಕ್ಕೇ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಶ್ವಾಸಕೋಶವೆಲ್ಲ ಹೊಳೆಯುತ್ತದೆ, ಅಪಧಮನಿ ಕಳೆದುಕೊಂಡ ಎಸ್ ಸಿಕ್ಸ್ ಒಂದೇ ಕತ್ತಲಾಗಿ ಉಳಿಯುತ್ತದೆ. ಹೊಳಪು ಮಾಸುವ ಮುನ್ನ ಗಡಿಗೆ ಸುಟ್ಟ ಗುರುತು ಹಾಕಬೇಕು. ಬದುವಿನ ಅಭಿಧಮನಿಯನ್ನು ಉಳಿಸಿಕೊಳ್ಳಬೇಕು. ಅದನ್ನೂ ಕತ್ತರಿಸಿದರೆ ಉಳಿದ ನೆರೆಯ ಸೆಗ್ಮೆಂಟಿನ ರಕ್ತಕ್ಕೆ ದಾರಿ ಸಾಲದೆ ಅದು ಊದಿಕೊಳ್ಳುತ್ತದೆ.

ಸಮಯವಾಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2022ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ಎರಡು ಸೆಂಟಿಮೀಟರ್‌ವರೆಗಿನ, ಅಂಚಿನ ಕಡೆ ಇದ್ದ ಗಡ್ಡೆಗಳ 1106 ರೋಗಿಗಳನ್ನು ಗಮನಿಸಿದರು. ಐದು ವರ್ಷದ ನಂತರ ಸೆಗ್ಮೆಂಟ್ ತೆಗೆಸಿಕೊಂಡವರಲ್ಲಿ ಶೇ. 94.3, ಹಾಲೆ ತೆಗೆಸಿಕೊಂಡವರಲ್ಲಿ ಶೇ. 91.1 ಮಂದಿ ಬದುಕಿದ್ದರು. ಆದರೆ ಅದೇ ಭಾಗದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಸೆಗ್ಮೆಂಟ್ ಗುಂಪಿನಲ್ಲಿ ಶೇ. 10.5, ಹಾಲೆಯ ಗುಂಪಿನಲ್ಲಿ ಶೇ. 5.4. ಆದ್ದರಿಂದ ಗಡ್ಡೆಯ ಸುತ್ತ ಸಾಕಷ್ಟು ಆರೋಗ್ಯವಂತ ಅಂಚು ಸಿಗದಿದ್ದರೆ, ಅಥವಾ ಶಸ್ತ್ರಚಿಕಿತ್ಸೆಯ ನಡುವೆ ಪರೀಕ್ಷಿಸಿದ ದುಗ್ಧಗ್ರಂಥಿಯಲ್ಲಿ ಕ್ಯಾನ್ಸರ್ ಕಂಡರೆ, ಸರ್ಜನ್ ಅಲ್ಲೇ ನಿರ್ಧಾರ ಬದಲಿಸಿ ಇಡೀ ಹಾಲೆ ತೆಗೆಯುತ್ತಾರೆ.