ಉಣುಗು ಕಚ್ಚಿದ ಮೇಲೆ ಮೈಯೊಳಗೆ ಏನಾಗುತ್ತದೆ?

ಕೇಳುಗರಿಗೆ ನಮಸ್ಕಾರ. ಜೀವಶಾಸ್ತ್ರ ಪರೀಕ್ಷೆಗೆ ಓದುತ್ತಿರುವ ಪಿಯುಸಿ ಮಕ್ಕಳು ಕೇಳುತ್ತಿದ್ದೀರಿ ಅಂತ ಗೊತ್ತು. ರೋಗನಿರೋಧಕ ಶಕ್ತಿಯ ಪಾಠವನ್ನು ಇವತ್ತು ನಮ್ಮ ಮಂಗನ ಕಾಯಿಲೆಯ ಮೂಲಕ ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು.

ದರಗು ತರಲು ಕಾಡಿಗೆ ಹೋದವರೊಬ್ಬರಿಗೆ ವೈರಸ್ ಇರುವ ಉಣುಗು ಕಚ್ಚಿತು ಎಂದುಕೊಳ್ಳಿ. ಚರ್ಮ ಎಂಬ ಮೊದಲ ತಡೆ ಅಲ್ಲೇ ಮುರಿಯಿತು. ಕೂಡಲೇ ಎಚ್ಚೆತ್ತುಕೊಳ್ಳುವುದು ಹುಟ್ಟಿನಿಂದ ಬಂದ ರೋಗನಿರೋಧಕತೆ. ಮ್ಯಾಕ್ರೋಫೇಜ್ ಕೋಶಗಳು ವೈರಸ್ಸನ್ನು ನುಂಗುತ್ತವೆ. ಸೋಂಕು ತಗುಲಿದ ಕೋಶಗಳು ಇಂಟರ್‌ಫೆರಾನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಇದಕ್ಕೆಲ್ಲ ಗಂಟೆಗಳು ಸಾಕು. ಆದರೆ ಇಲ್ಲಿ ಬಂದಿರುವುದು ಇಂಥದ್ದೇ ವೈರಸ್ ಎಂಬ ಗುರುತಿಲ್ಲ. ಮುಂದಿನ ವರ್ಷ ಅದೇ ವೈರಸ್ ಬಂದರೂ ಈ ಪಡೆ ಹೆಚ್ಚುಕಮ್ಮಿ ಇವತ್ತಿನ ಹಾಗೇ ಕೆಲಸ ಮಾಡುತ್ತದೆ.

ವೈರಸ್ ಇದನ್ನು ದಾಟಿದರೆ ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಶುರು. ಇತ್ತ ದುಗ್ಧಗ್ರಂಥಿಯಲ್ಲಿ ಇನ್ನೊಂದು ಕೆಲಸ ನಡೆದಿರುತ್ತದೆ. ಅಲ್ಲಿರುವ ಬಿ ಕೋಶಗಳಲ್ಲಿ ಪ್ರತಿಯೊಂದರ ಮೇಲೂ ಬೇರೆ ಬೇರೆ ಬಗೆಯ ಗ್ರಾಹಕ ಇದೆ. ಈ ವೈರಸ್ಸಿಗೆ ಹೊಂದುವ ಗ್ರಾಹಕ ಇರುವ ಕೋಶಗಳು ತೀರಾ ಕಡಿಮೆ. ಸಹಾಯಕ ಟಿ ಕೋಶಗಳ ನೆರವಿನಿಂದ ಅವು ಒಡೆದು ಒಡೆದು ಹೆಚ್ಚಬೇಕು. ಗಳಿಸಿದ ರೋಗನಿರೋಧಕತೆ ಮೊದಲ ಸಲ ತಡವಾಗುವುದು ಇದಕ್ಕೇ.

ಈ ತಡ ರಕ್ತಪರೀಕ್ಷೆಯಲ್ಲೂ ಕಾಣುತ್ತದೆ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್‌ನಿಂದ ವೈರಸ್ಸನ್ನೇ ಹುಡುಕುತ್ತಾರೆ. ಐಜಿಎಂ ಪ್ರತಿಕಾಯ ಆಗಿನ್ನೂ ಸಾಕಷ್ಟು ಇರುವುದಿಲ್ಲ, ಅದು ಸಿಗುವುದು ಕೆಲವು ದಿನ ಕಳೆದ ಮೇಲೆ. ಹಾಗಾಗಿ ಎರಡನೇ ದಿನ ಐಜಿಎಂ ಇಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಐಜಿಜಿ ಇನ್ನೂ ನಂತರ ಬರುತ್ತದೆ, ಜಾಸ್ತಿ ಕಾಲ ಉಳಿಯುತ್ತದೆ.

ಪ್ರತಿಕಾಯ ಮಾಡುವುದೇನು? ವೈರಸ್ಸಿನ ಮೈಗೆ ಅಂಟಿ, ಅದು ಕೋಶದೊಳಗೆ ನುಗ್ಗದಂತೆ ತಡೆಯುತ್ತದೆ. ಆಗಲೇ ಒಳಹೊಕ್ಕ ವೈರಸ್ ಅದರ ಕೈಗೆ ಸಿಗುವುದಿಲ್ಲ. ಅಂಥ ಕೋಶವನ್ನು ಕೊಲ್ಲುವ ಕೆಲಸ ಟಿ ಕೋಶಗಳದ್ದು.

ಹೆಚ್ಚಿದ ಬಿ ಕೋಶಗಳಲ್ಲಿ ಕೆಲವು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯ ಸುರಿಸುತ್ತವೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಇಲ್ಲಿ ತುಂಬಾ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ: ನೆನಪಿನ ಕೋಶ ಸುಮ್ನೆ ಕಾಯುತ್ತದೆ, ಪ್ರತಿಕಾಯ ಬಿಡುವುದಿಲ್ಲ. ಅದೇ ವೈರಸ್ ಮತ್ತೆ ಬಂದಾಗ ಬೇಗ ಹೆಚ್ಚಿ, ಪ್ಲಾಸ್ಮಾ ಕೋಶಗಳಾಗಿ, ಇನ್ನೂ ಬಿಗಿಯಾಗಿ ಅಂಟುವ ಪ್ರತಿಕಾಯ ಕೊಡುತ್ತದೆ.

ಆದರೆ ಈ ನೆನಪು ಎಲ್ಲ ಸಲವೂ ಒಂದೇ ಗಟ್ಟಿ ಇರುವುದಿಲ್ಲ. ಮಂಗನ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆಯಲ್ಲಿ ಇದ್ದದ್ದು ಫಾರ್ಮಲಿನ್‌ನಲ್ಲಿ ಕೊಂದ ವೈರಸ್. ಅದು ಮೈಯಲ್ಲಿ ಬೆಳೆಯುವುದಿಲ್ಲ, ರಕ್ಷಣೆ ಬೇಗ ಇಳಿಯುತ್ತಿತ್ತು. ಅದಕ್ಕೇ ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಟ್ಟ ಮೇಲೂ 6ರಿಂದ 9 ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಮತ್ತೊಂದು ಬೇಕಾಗುತ್ತಿತ್ತು.